ಯಾವ ವಿಡಿಯೊ ಬೇಕು ಎನ್ನಬೇಡಿ, ತೋಟದಲ್ಲಿ ಏನು ನಡೆದಿದೆ ಎಂದು ಕೇಳಿ

ಪ್ರಶ್ನೆ: ನಾನು ಸಾಗರದ ಕಡೆಯವನು. ಅಡಿಕೆ ಕೃಷಿ ಬಗ್ಗೆ ಯೂಟ್ಯೂಬ್ ಚಾನೆಲ್ ಮಾಡಿದ್ದೇನೆ, 4,200 ಸಬ್‌ಸ್ಕ್ರೈಬರ್ಸ್ ಇದ್ದಾರೆ. ತೋಟದ ಕೆಲಸದ ನಡುವೆ ಹದಿನೈದು ದಿನಕ್ಕೊಂದೇ ವಿಡಿಯೊ ಆಗುತ್ತದೆ. ನಡುವೆ ಜನ ಮರೆಯಬಾರದು ಅಂತ ಹಬ್ಬದ ಶುಭಾಶಯ ಹಾಕ್ತೇನೆ, ಲೈಕ್ ಬರುತ್ತೆ, ಅಷ್ಟೇ. ಹೋದ ಸಲ ಕಮ್ಯುನಿಟಿ ಪೋಸ್ಟ್‌ನಲ್ಲಿ "ಮುಂದೆ ಯಾವ ವಿಡಿಯೊ ಬೇಕು?" ಅಂತ ಪೋಲ್ ಹಾಕಿದೆ. ಡ್ರೋನ್ ಸಿಂಪಡಣೆ, ಕೊಳೆರೋಗ, ಎಲೆಚುಕ್ಕೆ, ಎಲ್ಲವೂ ಬೇಕು ಅಂತ ನಾಲ್ಕು ಆಯ್ಕೆ. 240 ಮತ ಬಿತ್ತು, ಡ್ರೋನ್‌ಗೆ 44%. ಕಷ್ಟಪಟ್ಟು ಡ್ರೋನ್ ವಿಡಿಯೊ ಮಾಡಿದೆ. ಮಾಮೂಲಿ ವಾರಕ್ಕೆ 1,500 ವ್ಯೂ ಬರುವಲ್ಲಿ 600 ಬಂತು. ಮತ ಹಾಕಿದವರೆಲ್ಲ ಎಲ್ಲಿ ಹೋದರು? ಪೋಲ್ ನಂಬಬೇಕೋ ಬೇಡವೋ?

ಉತ್ತರ: ಮತ ಹಾಕಿದವರು ಎಲ್ಲಿಗೂ ಹೋಗಿಲ್ಲ, ಅವರು ಇದ್ದದ್ದೇ ಅಷ್ಟು. 240ರಲ್ಲಿ 44% ಎಂದರೆ ಸುಮಾರು 105 ಜನ. ಆ 105 ಮಂದಿಯೂ ತಪ್ಪದೆ ಬಂದು ನೋಡಿದ್ದರೂ 105 ವ್ಯೂ, ಉಳಿದದ್ದು ಬೇರೆಯವರಿಂದಲೇ ಬರಬೇಕಿತ್ತು. ಪೋಲ್ ಎಂಬುದು ನೋಡುಗರನ್ನು ಕರೆತರುವ ಸಾಧನವಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಹಿಸುಕುವ ಅಗುಳು ಅದು. ನೀವು ಹಿಸುಕಿದ ಅಗುಳು ಬೇರೆ ಪಾತ್ರೆಯದಾಗಿತ್ತು, ತೊಂದರೆ ಅಲ್ಲಿಂದ ಶುರುವಾಯಿತು.

ಪೋಸ್ಟ್ ಹಾಕಿದಾಗ ಅದು ಸಬ್‌ಸ್ಕ್ರೈಬ್ ಆದವರ ಫೀಡ್‌ಗೆ ಮಾತ್ರ ಹೋಗುವುದಿಲ್ಲ, ಯೂಟ್ಯೂಬ್‌ನ ಮುಖಪುಟದಲ್ಲಿ ಸಬ್‌ಸ್ಕ್ರೈಬ್ ಆಗದವರಿಗೂ ಕಾಣುತ್ತದೆ. ಪೋಲ್‌ಗೆ ಮತ ಹಾಕಲು ವಿಡಿಯೊ ನೋಡಬೇಕಿಲ್ಲ, ಚಾನೆಲ್ ತೆರೆಯಬೇಕಿಲ್ಲ, ಬೆರಳು ಒಮ್ಮೆ ತಾಗಿದರೆ ಸಾಕು. ಬಸ್ಸಿನಲ್ಲಿ ಕೂತು ಫೀಡ್ ಸರಿಸುತ್ತಿರುವ ಹುಡುಗ "ಡ್ರೋನ್" ಎಂಬ ಪದ ಕಂಡು ಒತ್ತಿ ಮುಂದೆ ಹೋಗುತ್ತಾನೆ. ಅವನ ಮನೆಗೆ ತೋಟವೇ ಇಲ್ಲದಿರಬಹುದು. ಮತ ಹಾಕಿದವರು ಯಾರು ಎಂಬುದು ನಿಮಗೆ ಕಾಣುವುದೂ ಇಲ್ಲ, ಶೇಕಡಾವಾರು ಮತ್ತು ಒಟ್ಟು ಸಂಖ್ಯೆ ಮಾತ್ರ ಕಾಣುತ್ತದೆ.

ಇನ್ನೊಂದು, ಇದಕ್ಕಿಂತ ದೊಡ್ಡದು. "ಯಾವ ವಿಡಿಯೊ ಬೇಕು" ಎಂದು ಕೇಳಿದರೆ ತೋಟಗಾರರೂ ಸರಿಯಾದ ಉತ್ತರ ಕೊಡುವುದಿಲ್ಲ. ಸುಳ್ಳು ಹೇಳುತ್ತಾರೆ ಎಂದಲ್ಲ. ಆ ಪ್ರಶ್ನೆಗೆ ಮನಸ್ಸಿಗೆ ಬರುವುದು ಕುತೂಹಲದ ಉತ್ತರ. ಡ್ರೋನ್ ಎಲ್ಲರಿಗೂ ಕುತೂಹಲ. ಆದರೆ ಜೂನ್ ಮೊದಲ ವಾರದಲ್ಲಿ, ಮೋಡ ಕಟ್ಟಿರುವಾಗ, ಮರ ಹತ್ತುವವರು ಸಿಗದೆ ಪರದಾಡುತ್ತಿರುವ ಮನುಷ್ಯ ರಾತ್ರಿ ಫೋನ್ ಹಿಡಿದು ನೋಡುವುದು ಅದನ್ನಲ್ಲ. ಬೇಕು ಎನ್ನುವುದು ಒಂದು, ಕೂತು ನೋಡುವುದು ಇನ್ನೊಂದು. ಹಾಗಾಗಿ ಇಷ್ಟವನ್ನು ಕೇಳಬೇಡಿ. ಸ್ಥಿತಿಯನ್ನು ಕೇಳಿ: ಈ ವಾರ ನಿಮ್ಮ ತೋಟದಲ್ಲಿ ಏನು ಆಗಿದೆ, ಏನು ಬಾಕಿ ಇದೆ? ಉತ್ತರ ಕೊಡಲು ಯೋಚಿಸಬೇಕಿಲ್ಲ, ಊಹಿಸಬೇಕಿಲ್ಲ, ನಿಜ ಹೇಳಿದರೆ ಮುಗಿಯಿತು. ಯಾವ ವಿಡಿಯೊ ಮಾಡಬೇಕು ಎಂಬುದನ್ನು ಆ ಉತ್ತರದಿಂದ ನೀವು ತೀರ್ಮಾನಿಸಿ. ಅದು ನಿಮ್ಮ ಕೆಲಸ, ನೋಡುಗರದ್ದಲ್ಲ.

ಜೂನ್ ಆರಂಭ ಎಂದಿಟ್ಟುಕೊಂಡು ಅಂಥ ಒಂದು ಪೋಲ್ ಕಟ್ಟೋಣ. ಕೊಳೆರೋಗಕ್ಕೆ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ ಆಗಬೇಕು, ಎರಡನೆಯದು 40ರಿಂದ 45 ದಿನಕ್ಕೆ. ಈ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪಠ್ಯದ ಪೋಲ್‌ನಲ್ಲಿ ಹೆಚ್ಚೆಂದರೆ ಐದು ಆಯ್ಕೆ ಕೊಡಬಹುದು. ಹೀಗೆ ಬರೆಯಿರಿ:

ಈ ವರ್ಷದ ಮೊದಲ ಕೊಳೆ ಔಷಧಿ ಎಲ್ಲಿಗೆ ಬಂತು?
– ಹೊಡೆದಾಯ್ತು
– ಬಾಕಿ ಇದೆ, ಮರ ಹತ್ತುವವರು ಸಿಕ್ಕಿಲ್ಲ
– ಬಾಕಿ ಇದೆ, ದ್ರಾವಣ ಬೆರೆಸೋದರಲ್ಲಿ ಅನುಮಾನ
– ನಾವು ಹೊಡೆಯೋದೇ ಇಲ್ಲ
– ತೋಟ ಇಲ್ಲ, ಸುಮ್ಮನೆ ನೋಡ್ತೇನೆ

ಇದರಲ್ಲಿ ಕೊನೆಯ ಸಾಲು ಜರಡಿ. ತೋಟವಿಲ್ಲದವರು ಹೇಗಿದ್ದರೂ ಒತ್ತುತ್ತಾರೆ, ಅವರಿಗೆ ಅವರದೇ ಜಾಗ ಕೊಟ್ಟರೆ ಮಿಕ್ಕ ನಾಲ್ಕು ಸಾಲು ಶುದ್ಧವಾಗಿ ಉಳಿಯುತ್ತವೆ. ಅವರನ್ನು ಹೀಯಾಳಿಸುವ ಧ್ವನಿ ಮಾತ್ರ ಬರಬಾರದು. "ಸುಮ್ಮನೆ ನೋಡ್ತೇನೆ" ಎಂದು ಒಪ್ಪಿಕೊಳ್ಳಲು ಯಾರಿಗೂ ಮುಜುಗರವಿಲ್ಲ, "ನಾನು ರೈತನಲ್ಲ" ಎಂದು ಬರೆದರೆ ಕೆಲವರು ಹಿಂಜರಿದು ಬೇರೆಯದನ್ನು ಒತ್ತುತ್ತಾರೆ.

ಬಾಕಿ ಇದೆ ಎಂಬುದನ್ನು ಎರಡಾಗಿ ಒಡೆದದ್ದು ಬೇಕೆಂದೇ. ಬರೀ "ಬಾಕಿ ಇದೆ" ಎಂದಿದ್ದರೆ ವಿಡಿಯೊ ಏನೆಂದು ಗೊತ್ತಾಗುತ್ತಿರಲಿಲ್ಲ. ಆಳು ಸಿಗದವರಿಗೆ ಬೇಕಾದದ್ದು ನೆಲದಲ್ಲೇ ನಿಂತು ದೋಟಿಯಿಂದ ಹೊಡೆಯುವ ವಿಡಿಯೊ, ಬೆರೆಸುವುದರಲ್ಲಿ ಅನುಮಾನ ಇರುವವರಿಗೆ ಡ್ರಮ್ಮಿನ ಪಕ್ಕದಲ್ಲಿ ನಿಂತು ತೆಗೆದ ವಿಡಿಯೊ. ಪ್ರತಿ ಆಯ್ಕೆಯೂ ಒಂದೊಂದು ಬೇರೆ ವಿಡಿಯೊದ ಕಡೆ ಬೆರಳು ತೋರಬೇಕು. ಎರಡು ಆಯ್ಕೆ ಒಂದೇ ವಿಡಿಯೊಗೆ ಹೋಗುತ್ತವೆ ಎಂದಾದರೆ ಒಂದನ್ನು ತೆಗೆಯಿರಿ.

ನಿಮ್ಮ ಹಳೆಯ ಪೋಲ್‌ನಲ್ಲಿದ್ದ "ಎಲ್ಲವೂ ಬೇಕು" ಎಂಬ ಸಾಲನ್ನು ಇನ್ನು ಮುಂದೆ ಮರೆತುಬಿಡಿ. ಅದು ನಿಮ್ಮ ಮೇಲಿನ ಪ್ರೀತಿಯ ಮತ, ಅದರಿಂದ ಏನೂ ತಿಳಿಯುವುದಿಲ್ಲ. ಆಯ್ಕೆಗಳು ನೀವು ಬರೆದ ಕ್ರಮದಲ್ಲೇ ಕಾಣುತ್ತವೆ ಎಂಬುದೂ ನೆನಪಿರಲಿ. ಮೊದಲ ಸಾಲಿಗೆ ಸ್ವಲ್ಪ ಹೆಚ್ಚು ಬೀಳುವುದು ಬಹಳಷ್ಟು ಪೋಲ್‌ಗಳ ಗುಣ. ಆದ್ದರಿಂದ ನೀವು ಮಾಡಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿರುವುದನ್ನು ಮೊದಲು ಇಡಬೇಡಿ, ಇಟ್ಟರೆ ನಿಮ್ಮ ಆಸೆಯೇ ನಿಮಗೆ ಫಲಿತಾಂಶವಾಗಿ ಮರಳಿ ಬರುತ್ತದೆ. ಸ್ಥಿತಿ ಕೇಳುವ ಪೋಲ್‌ನಲ್ಲಿ ಈ ಕಾಟ ಕಡಿಮೆ. ಔಷಧಿ ಹೊಡೆಯದವರು ಮೊದಲ ಸಾಲಿನಲ್ಲಿದೆ ಎಂಬ ಕಾರಣಕ್ಕೆ "ಹೊಡೆದಾಯ್ತು" ಎಂದು ಒತ್ತುವುದು ಅಪರೂಪ.

ಪದಗಳ ವಿಚಾರದಲ್ಲಿ ಒಂದು ಎಚ್ಚರ. ನಿಮ್ಮ ಕಡೆ "ಔಷಧಿ ಹೊಡೆಯೋದು" ಎನ್ನುವುದನ್ನು ಪುತ್ತೂರು, ಸುಳ್ಯದ ಕಡೆ "ಮದ್ದು ಬಿಡುವುದು" ಎನ್ನುತ್ತಾರೆ. ಶಿರಸಿಯ ಕಡೆ ಮಳೆ ತಾಗದಂತೆ ಗೊನೆಗೆ ಹೊದಿಸಿ "ಕೊಟ್ಟೆ ಕಟ್ಟುವುದು" ಎಂಬ ಬೇರೆಯದೇ ದಾರಿ ಉಂಟು. ನಿಮ್ಮ ನೋಡುಗರಲ್ಲಿ ಕರಾವಳಿಯವರು ಗಣನೀಯವಾಗಿದ್ದರೆ ಪ್ರಶ್ನೆಯ ಸಾಲಿನಲ್ಲೇ "ಔಷಧಿ (ಮದ್ದು)" ಎಂದು ಸೇರಿಸಿ. ಇಲ್ಲವಾದರೆ ಅವರು ಇದು ನಮ್ಮ ಮಾತಲ್ಲ ಎಂದು ದಾಟಿಹೋಗುತ್ತಾರೆ. ಆಮೇಲೆ ನೀವು ಕರಾವಳಿಯಲ್ಲಿ ಆಸಕ್ತಿ ಇಲ್ಲ ಎಂದು ತಪ್ಪು ಲೆಕ್ಕ ಹಾಕುತ್ತೀರಿ. ಮತ ಬೀಳಲು ಶುರುವಾದ ಮೇಲೆ ಪ್ರಶ್ನೆಯ ಅರ್ಥ ಬದಲಾಗುವಂತೆ ತಿದ್ದಲೂ ಬಾರದು, ಮೊದಲು ಮತ ಹಾಕಿದವರು ಬೇರೆ ಪ್ರಶ್ನೆಗೆ ಉತ್ತರಿಸಿದಂತಾಗುತ್ತದೆ. ಹಾಕುವ ಮೊದಲು ಮನೆಯಲ್ಲಿ ಒಬ್ಬರಿಗೆ ಓದಿ ಹೇಳಿ. ಅವರು "ಅಂದ್ರೆ?" ಎಂದು ಕೇಳಿದರೆ ಇನ್ನೂ ಬರೆಯುವುದಿದೆ.

ಇನ್ನು ಓದುವ ಬಗೆ. ಮೂರು ದಿನಕ್ಕೆ ಒಟ್ಟು 213 ಮತ ಬಿತ್ತು ಎಂದುಕೊಳ್ಳಿ. ಹೊಡೆದಾಯ್ತು 24%, ಆಳು ಸಿಕ್ಕಿಲ್ಲ 31%, ಬೆರೆಸುವ ಅನುಮಾನ 14%, ಹೊಡೆಯುವುದಿಲ್ಲ 6%, ತೋಟ ಇಲ್ಲ 25%. ಮೊದಲು ಶೇಕಡಾವಾರನ್ನು ತಲೆಗಳಿಗೆ ಇಳಿಸಿ: 51, 66, 30, 13, 53. ಈಗ ತೋಟವಿಲ್ಲದ 53 ಜನರನ್ನು ಪಕ್ಕಕ್ಕಿಡಿ. ಉಳಿದವರು 160. ಅವರಲ್ಲಿ ಆಳು ಸಿಗದವರು 41%, ಹೊಡೆದಾದವರು 32%, ಅನುಮಾನದವರು 19%, ಹೊಡೆಯದವರು 8%. ನಿಮಗೆ ಬೇಕಾದ ಅಂಕಿ ಇವು. ಪರದೆಯ ಮೇಲೆ ಕಂಡದ್ದು ಇವಲ್ಲ.

41 ಮತ್ತು 32ರ ನಡುವಿನ ಅಂತರವನ್ನು ಎಷ್ಟು ನಂಬಬಹುದು? ಒಂದು ಸುಲಭದ ಲೆಕ್ಕ ಇಟ್ಟುಕೊಳ್ಳಿ: 100ನ್ನು ಮತಗಳ ವರ್ಗಮೂಲದಿಂದ ಭಾಗಿಸಿ. 100 ಮತವಿದ್ದರೆ ಯಾವುದೇ ಆಯ್ಕೆಯ ಶೇಕಡಾವಾರು ಹತ್ತರಷ್ಟು ಮೇಲೆ ಕೆಳಗೆ ಇರಬಹುದು, 400 ಇದ್ದರೆ ಐದರಷ್ಟು, 25 ಇದ್ದರೆ ಇಪ್ಪತ್ತರಷ್ಟು. 160 ಮತಕ್ಕೆ ಇದು ಸುಮಾರು ಎಂಟು. ಎರಡು ಆಯ್ಕೆಗಳಲ್ಲಿ ಒಂದು ಗೆದ್ದಿತು ಎನ್ನಬೇಕಾದರೆ ಅಂತರ ಇದರ ಒಂದೂವರೆ ಪಟ್ಟು, ಅಂದರೆ ಹನ್ನೆರಡರಷ್ಟಾದರೂ ಬೇಕು. ಇಲ್ಲಿ ಇರುವುದು ಒಂಬತ್ತು. ಹಾಗಾಗಿ ಇವೆರಡೂ ಸಮ ಎಂದೇ ಓದಬೇಕು. ಆದರೆ ಆಳು ಸಿಗದವರು ಅನುಮಾನದವರಿಗಿಂತ ಹೆಚ್ಚು, ಇದರಲ್ಲಿ ಸಂಶಯವಿಲ್ಲ. ಇದೂ ಮತದಾರರು ಯಾದೃಚ್ಛಿಕವಾಗಿ ಬಂದರು ಎಂಬ ಊಹೆಯ ಮೇಲಿನ ಲೆಕ್ಕ. ನಿಮ್ಮ ಮತದಾರರು ಹಾಗೆ ಬಂದಿರುವುದಿಲ್ಲ, ಆದ್ದರಿಂದ ನಿಜವಾದ ಏರುಪೇರು ಇನ್ನೂ ಸ್ವಲ್ಪ ಹೆಚ್ಚೇ ಇರುತ್ತದೆ. 30 ಮತದ ಪೋಲ್ ಹಿಡಿದು ವಿಡಿಯೊ ತೀರ್ಮಾನಿಸುವುದು ಹಲ್ಲಿ ಲೊಚಗುಟ್ಟಿದ್ದಕ್ಕೆ ಪ್ರಯಾಣ ಮುಂದೂಡಿದ ಹಾಗೆ.

ಸಮ ಬಂತಲ್ಲ, ಈಗೇನು ಎಂದು ಕೇಳಬೇಡಿ. ಸ್ಥಿತಿ ಕೇಳುವ ಪೋಲ್‌ನ ಲಾಭ ಗೊತ್ತಾಗುವುದೇ ಈ ಹಂತದಲ್ಲಿ. ಇಲ್ಲಿ ಗೆದ್ದವರು ಬೇಕಿಲ್ಲ, ಸರದಿ ಸಿಕ್ಕರೆ ಸಾಕು. ಆಳು ಸಿಗದವರ ಕಷ್ಟ ಈ ವಾರದ್ದು, ಮಳೆ ಹಿಡಿದರೆ ಆ ವಿಡಿಯೊಗೆ ಬೆಲೆಯಿಲ್ಲ. ಅದು ಮೊದಲು. ಹೊಡೆದಾದವರಿಗೆ ಈಗ ಏನೂ ಬೇಡ, ಅವರಿಗೆ ಎರಡನೇ ಸಿಂಪಡಣೆಯ ಮಾತು ಬೇಕಾಗುವುದು 40 ದಿನದ ನಂತರ. ಜುಲೈ ಮಧ್ಯದ ವಿಡಿಯೊ ಯಾವುದು ಎಂದು ಇವತ್ತೇ ಗೊತ್ತಾಯಿತು. ಅನುಮಾನದ 30 ಜನರಿಗೆ ಪೂರ್ತಿ ವಿಡಿಯೊ ಬೇಡ, ಒಂದು ಪೋಸ್ಟ್ ಸಾಕು. ಅದಕ್ಕೆ ಆಮೇಲೆ ಬರುತ್ತೇನೆ. ಒಂದೇ ಪೋಲ್‌ನಿಂದ ಎರಡು ವಿಡಿಯೊ ಮತ್ತು ಒಂದು ಪೋಸ್ಟ್ ದಿನಾಂಕ ಸಮೇತ ಸಿಕ್ಕಿತು. "ಯಾವುದು ಬೇಕು" ಎಂದು ಕೇಳಿದ್ದರೆ ಒಂದು ಗೆದ್ದು ಉಳಿದವು ಸತ್ತುಹೋಗುತ್ತಿದ್ದವು.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ, ಖರ್ಚಿಲ್ಲದ್ದು. ಪೋಲ್ ಹಾಕಿ ಆರು ಗಂಟೆಯ ನಂತರ ಒಂದು ಸ್ಕ್ರೀನ್‌ಶಾಟ್, 72 ಗಂಟೆಗೆ ಇನ್ನೊಂದು. ಮೊದಲ ಗಂಟೆಗಳಲ್ಲಿ ಬರುವವರು ಸಾಮಾನ್ಯವಾಗಿ ಬೆಲ್ ಒತ್ತಿದವರು, ನಿಮ್ಮನ್ನು ಆಗಾಗ ನೋಡುವವರು. ಮುಖಪುಟದ ಮೂಲಕ ಅಡ್ಡಾಡುತ್ತ ಬರುವವರು ನಂತರ. ನಮ್ಮ ಉದಾಹರಣೆಯಲ್ಲಿ ಆರು ಗಂಟೆಗೆ 70 ಮತ, ಅದರಲ್ಲಿ ತೋಟ ಇಲ್ಲದವರು 6 ಎಂದಿಟ್ಟುಕೊಳ್ಳಿ. ಕೊನೆಗೆ ಅವರು 53. ಅಂದರೆ ನಂತರ ಬಂದ 143 ಜನರಲ್ಲಿ 47 ಮಂದಿ, ಮೂರರಲ್ಲೊಬ್ಬರು, ತೋಟವಿಲ್ಲದವರು. ಮೊದಲ ಗುಂಪಿನಲ್ಲಿ ಹನ್ನೊಂದಕ್ಕೊಬ್ಬರೂ ಇರಲಿಲ್ಲ. ಹೀಗಾದಾಗ ಮೊದಲ ಸ್ಕ್ರೀನ್‌ಶಾಟ್‌ಗೆ ಹೆಚ್ಚು ಬೆಲೆ ಕೊಡಿ. ಎರಡರಲ್ಲೂ ತೋಟಗಾರರ ಉತ್ತರಗಳು ಒಂದೇ ಸರದಿಯಲ್ಲಿದ್ದರೆ ಫಲಿತಾಂಶ ಗಟ್ಟಿ. ಒಮ್ಮೊಮ್ಮೆ ಪೋಸ್ಟ್ ಒಂದು ಇದ್ದಕ್ಕಿದ್ದಂತೆ ಓಡುತ್ತದೆ, ಮಾಮೂಲಿ 200 ಬೀಳುವಲ್ಲಿ 4,000 ಮತ ಬೀಳುತ್ತದೆ. ಖುಷಿಪಡಿ, ಆದರೆ ಆ ಪೋಲ್‌ನಿಂದ ವಿಷಯ ಆರಿಸಬೇಡಿ. ಅಷ್ಟು ಮತ ನಿಮ್ಮ ತೋಟದ ಹೊರಗಿನಿಂದ ಬಂದದ್ದು.

ಮತ ಹಾಕಿದವರನ್ನು ಮತ್ತೆ ಕರೆಯಲು ದಾರಿಯಿಲ್ಲ. ವಿಡಿಯೊ ಬಂದಾಗ "ನೀವು ಕೇಳಿದ್ದು ಬಂದಿದೆ" ಎಂದು ಅವರಿಗೆ ಯೂಟ್ಯೂಬ್ ತಿಳಿಸುವುದಿಲ್ಲ. ಕಾಮೆಂಟ್ ಹಾಕಿದವರ ಕಥೆ ಬೇರೆ: ಅವರ ಕಾಮೆಂಟ್‌ಗೆ ನೀವು ಉತ್ತರಿಸಿದರೆ, ಅವರು ಅದನ್ನು ಬಂದ್ ಮಾಡಿಟ್ಟಿರದಿದ್ದರೆ, ಫೋನಿಗೆ ಸೂಚನೆ ಹೋಗುತ್ತದೆ. ಆದ್ದರಿಂದ ಪೋಲ್ ಹಾಕಿದ ಕೂಡಲೇ ನೀವೇ ಒಂದು ಕಾಮೆಂಟ್ ಬರೆದು ಪಿನ್ ಮಾಡಿ: "ಬಾಕಿ ಇದೆ ಅಂದವರು ತಾಲ್ಲೂಕು ಮತ್ತು ಮರಗಳ ಎತ್ತರ ಬರೆಯಿರಿ, ದೋಟಿ ಮುಟ್ಟುತ್ತದೋ ಇಲ್ಲವೋ ನೋಡೋಣ." ಹೀಗೆ ಎರಡೇ ವಿವರ ಕೇಳಿ. "ನಿಮ್ಮ ಅಭಿಪ್ರಾಯ ತಿಳಿಸಿ" ಎಂದರೆ "ಸೂಪರ್ ಸರ್" ಎಂಬುದರ ಹೊರತು ಏನೂ ಬರುವುದಿಲ್ಲ. 30 ಜನ ಬರೆದರೆ ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಎಳೆದು ಊರು, ಎತ್ತರ, ಅಡ್ಡಿ ಎಂದು ತುಂಬಿ. ಅಡ್ಡಿಯ ಕಾಲಂನಲ್ಲಿ ಮೂರ್ನಾಲ್ಕು ಸಲ ಬಂದ ಮಾತು ವಿಡಿಯೊದ ಒಂದೊಂದು ಭಾಗವಾಗುತ್ತದೆ. ದೋಟಿಯ ಭಾರಕ್ಕೆ ಭುಜ ಸೋಲುತ್ತದೆ, ಗೊನೆ ಎಲೆಯ ಮರೆಯಲ್ಲಿದ್ದು ಪೂರ್ತಿ ನೆನೆಯುವುದಿಲ್ಲ, ಪಂಪಿನ ಒತ್ತಡ ಅಷ್ಟು ಮೇಲಕ್ಕೆ ಸಾಲದು. ಇವನ್ನು ಮೇಜಿನ ಮುಂದೆ ಕೂತು ಊಹಿಸಲಾಗದು. ವಿಡಿಯೊ ಹಾಕಿದ ದಿನ ಆ 30 ಜನರಿಗೆ ಒಬ್ಬೊಬ್ಬರಿಗೂ ಅವರು ಕೇಳಿದ್ದಕ್ಕೇ ಉತ್ತರ ಬರೆಯಿರಿ: "ನಿಮ್ಮ 60 ಅಡಿ ಮರದ ವಿಚಾರ ವಿಡಿಯೊದ ಆರನೇ ನಿಮಿಷದಲ್ಲಿದೆ." ಒಂದೇ ಸಾಲನ್ನು ಲಿಂಕ್ ಸಮೇತ ಮೂವತ್ತು ಸಲ ಅಂಟಿಸಿದರೆ ಅದು ಸ್ಪ್ಯಾಮ್‌ನಂತೆ ಕಾಣುತ್ತದೆ, ಯಂತ್ರಕ್ಕೂ ಮನುಷ್ಯರಿಗೂ.

ಹದಿನೈದು ದಿನ ಹೇಗೆ ತುಂಬುವುದು ಎಂಬುದು ಈಗ ಸುಲಭ. ವಿಡಿಯೊ ಹಾಕಿದ ದಿನ ಮತ್ತು ಮರುದಿನ ಪೋಸ್ಟ್ ಬೇಡ, ಜನರ ಕಣ್ಣು ವಿಡಿಯೊದ ಮೇಲಿರಲಿ. ಮೂರನೇ ದಿನ ಆ ವಿಡಿಯೊದ ಕಾಮೆಂಟ್‌ಗಳಿಂದ ಒಂದೇ ಒಂದು ಒಳ್ಳೆಯ ಪ್ರಶ್ನೆ ಎತ್ತಿ, ಒಂದು ಫೋಟೊ ಜತೆ ನಾಲ್ಕು ಸಾಲಿನ ಉತ್ತರ ಹಾಕಿ. ಫೋಟೊ ಚೌಕವಾಗಿದ್ದರೆ ಫೀಡ್‌ನಲ್ಲಿ ಪೂರ್ತಿ ಕಾಣುತ್ತದೆ, ಉದ್ದದ್ದು ಕತ್ತರಿಸಿಹೋಗುತ್ತದೆ. ಗೊನೆಯ ಚಿತ್ರ ತೆಗೆದು ಕೊಳೆತ ಕಾಯಿಯೇ ಅಂಚಿಗೆ ಹೋಗಿ ಮಾಯವಾದರೆ ಪೋಸ್ಟ್ ವ್ಯರ್ಥ. ಆರನೇ ದಿನದ ಸುಮಾರಿಗೆ ಸ್ಥಿತಿಯ ಪೋಲ್. ಒಂಬತ್ತನೇ ದಿನ ಅದರ ಫಲಿತಾಂಶ ಹೇಳಿ ಏನು ತೀರ್ಮಾನಿಸಿದಿರಿ ಎಂದು ತಿಳಿಸಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮತ ಕೇಳಿ ಸುಮ್ಮನಾದರೆ ಎರಡು ಮೂರು ಸಲದ ನಂತರ ನಿಮ್ಮ ಖಾಯಂ ನೋಡುಗರೇ ಒತ್ತುವುದನ್ನು ನಿಲ್ಲಿಸುತ್ತಾರೆ, ಆಗ ಉಳಿಯುವವರು ಅಡ್ಡಾಡಿಗಳು ಮಾತ್ರ. ಹನ್ನೆರಡನೇ ದಿನದ ಹೊತ್ತಿಗೆ ಒಂದು ಕ್ವಿಜ್, ಇಲ್ಲವೇ ಕಾಲಕ್ಕೆ ಹೊಂದುವ ನಿಮ್ಮದೇ ಹಳೆಯ ವಿಡಿಯೊ. ಎರಡು ವಿಡಿಯೊಗಳ ನಡುವೆ ನಾಲ್ಕು ಪೋಸ್ಟ್ ಸಾಕು. ಕಂಪ್ಯೂಟರಿನಲ್ಲಿ YouTube Studio ತೆರೆದು Create post ಒತ್ತಿದರೆ ಈ ನಾಲ್ಕರಲ್ಲಿ ಮೂರನ್ನು ಒಂದೇ ಸಲ ಕೂತು ಬರೆದು ದಿನ, ಗಂಟೆ ನಿಗದಿ ಮಾಡಿ ಇಡಬಹುದು. ಫಲಿತಾಂಶದ ಪೋಸ್ಟ್ ಒಂದನ್ನು ಮಾತ್ರ ಆಮೇಲೆ ಬರೆಯಬೇಕು. ಯಾವ ಗಂಟೆ ಎಂಬುದಕ್ಕೆ Analytics ಒಳಗೆ Audience ಪುಟದಲ್ಲಿ ನಿಮ್ಮ ನೋಡುಗರು ಯಾವಾಗ ಯೂಟ್ಯೂಬ್‌ನಲ್ಲಿರುತ್ತಾರೆ ಎಂಬ ಪಟ್ಟಿಕೆ ಇದೆ, ಬಣ್ಣ ದಟ್ಟವಾಗುವ ಗಂಟೆಗಿಂತ ಸ್ವಲ್ಪ ಮೊದಲು ಇಡಿ.

ಹಬ್ಬದ ಶುಭಾಶಯ ಹಾಕಬೇಡಿ ಎನ್ನುವುದಿಲ್ಲ, ದೀಪಾವಳಿಗೆ ಒಂದು ಹಾಕಿ. ಆದರೆ ಅದಕ್ಕೆ ಬೀಳುವ ಲೈಕ್ ಶಿಷ್ಟಾಚಾರದ ಲೈಕ್, ಅದರಿಂದ ವಿಷಯ ಸಿಗುವುದಿಲ್ಲ.

ಕ್ವಿಜ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೃಷಿ ಚಾನೆಲ್‌ಗಳು ಇದನ್ನು ಬಳಸುವುದೇ ಕಡಿಮೆ. ಇದರಲ್ಲಿ ಸರಿ ಉತ್ತರ ಯಾವುದೆಂದು ನೀವು ಗುರುತು ಮಾಡುತ್ತೀರಿ, ಒತ್ತಿದವರಿಗೆ ತಕ್ಷಣ ಸರಿಯೋ ತಪ್ಪೋ ಕಾಣುತ್ತದೆ, ಕೆಳಗೆ ನಿಮ್ಮ ವಿವರಣೆ ಬರುತ್ತದೆ. ಬೆರೆಸುವುದರಲ್ಲಿ ಅನುಮಾನ ಇದೆ ಎಂದ ಆ 30 ಜನರಿಗೆ ಹೀಗೆ ಕೇಳಿ: "ಬೋರ್ಡೋ ದ್ರಾವಣಕ್ಕೆ ಯಾವುದನ್ನು ಯಾವುದಕ್ಕೆ ಸುರಿಯಬೇಕು?" ಸುಣ್ಣದ ನೀರಿಗೆ ಮೈಲುತುತ್ತದ ನೀರು, ಮೈಲುತುತ್ತದ ನೀರಿಗೆ ಸುಣ್ಣದ ನೀರು, ಎರಡೂ ಪುಡಿ ಒಟ್ಟಿಗೆ ಡ್ರಮ್ಮಿಗೆ, ನನಗೆ ಗೊತ್ತಿಲ್ಲ. ಮೊದಲನೆಯದು ಸರಿ. ವಿವರಣೆಯಲ್ಲಿ ಹೇಳಬೇಕಾದದ್ದೂ ಚಿಕ್ಕದೇ: ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತ ಸುರಿಯಬೇಕು. ಆಮೇಲೆ ಉಜ್ಜಿ ತೊಳೆದ ಕಬ್ಬಿಣದ ಕತ್ತಿ ಅದ್ದಿ ನೋಡಿ, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಕತ್ತಿಯ ಅಲಗಿನ ಫೋಟೊ ಒಂದನ್ನು ಮರುದಿನದ ಪೋಸ್ಟಿಗೆ ಇಟ್ಟುಕೊಳ್ಳಿ, ಅದರ ಕೆಳಗೆ ತಮ್ಮ ಕತ್ತಿಯ ಕಥೆ ಹೇಳುವವರು ಬಂದೇ ಬರುತ್ತಾರೆ.

ಆ "ಗೊತ್ತಿಲ್ಲ" ಎಂಬ ಸಾಲು ಬಿಟ್ಟು ಅದರ ಜಾಗಕ್ಕೆ ಇನ್ನೊಂದು ಉತ್ತರ ಇಟ್ಟರೆ ಏನಾಗುತ್ತದೆ ನೋಡಿ. ನಾಲ್ಕು ಆಯ್ಕೆಯೂ ಉತ್ತರಗಳೇ ಆದಾಗ, ಗೊತ್ತಿಲ್ಲದವರು ಕುರುಡಾಗಿ ಒತ್ತಿದರೂ ನಾಲ್ವರಲ್ಲೊಬ್ಬರಿಗೆ ಸರಿ ಬೀಳುತ್ತದೆ. ಫಲಿತಾಂಶದಲ್ಲಿ 40% ಸರಿ ಎಂದು ಕಂಡರೆ ನಿಜವಾಗಿ ಗೊತ್ತಿರುವವರು ಸುಮಾರು 20% ಮಾತ್ರ, ಉಳಿದ 80ರಲ್ಲಿ ಕಾಲುಭಾಗ ಅದೃಷ್ಟದ್ದು. ಅರ್ಧದಷ್ಟು ಜನಕ್ಕೆ ಗೊತ್ತಿದೆ ಎಂದುಕೊಂಡು ವಿಡಿಯೊದಲ್ಲಿ ಆ ಭಾಗ ಹಾರಿಸಿದರೆ ಐವರಲ್ಲಿ ನಾಲ್ವರನ್ನು ಕೈಬಿಟ್ಟಂತೆ. ಜನ ಹೆಚ್ಚು ಒತ್ತಿದ ತಪ್ಪು ಉತ್ತರ ಯಾವುದು ಎಂದೂ ನೋಡಿ. ಎರಡನೆಯದಕ್ಕೆ ರಾಶಿ ಬಿದ್ದಿದ್ದರೆ ಊರಲ್ಲಿ ಹಾಗೆಯೇ ಮಾಡುತ್ತಿದ್ದಾರೆ ಎಂದರ್ಥ, ವಿಡಿಯೊ ಆ ತಪ್ಪಿನಿಂದಲೇ ಆರಂಭವಾಗಲಿ.

ಚಿತ್ರದ ಪೋಲ್‌ನಲ್ಲಿ ಎರಡು ಥಂಬ್‌ನೇಲ್ ಇಟ್ಟು ಯಾವುದು ಚೆಂದ ಎಂದು ಕೇಳುವ ರೂಢಿ ಇದೆ. ಅದರಿಂದ ಹಾದಿ ತಪ್ಪುತ್ತದೆ. ನಿಜವಾದ ಫೀಡ್‌ನಲ್ಲಿ ಆ ಎರಡು ಚಿತ್ರ ಅಕ್ಕಪಕ್ಕ ಎಂದೂ ಬರುವುದಿಲ್ಲ, ನಿಮ್ಮದು ಒಂದೇ ಬೇರೆಯವರ ಚಿತ್ರಗಳ ನಡುವೆ ಬರುತ್ತದೆ. ಈ ಕೆಲಸಕ್ಕೆ ಸ್ಟುಡಿಯೊದಲ್ಲೇ ಒಂದು ಸೌಲಭ್ಯವಿದೆ, ಮೂರು ಥಂಬ್‌ನೇಲ್‌ವರೆಗೆ ಕೊಟ್ಟರೆ ಅದೇ ಬೇರೆ ಬೇರೆಯವರಿಗೆ ತೋರಿಸಿ, ಯಾವುದು ಹೆಚ್ಚು ನೋಡಿಸಿತು ಎಂದು ಹೇಳುತ್ತದೆ. ಚಿತ್ರದ ಪೋಲನ್ನು ಗುರುತಿಸುವ ಪ್ರಶ್ನೆಗಳಿಗೆ ಇಡಿ: "ನಿಮ್ಮ ಸೋಗೆಯಲ್ಲಿ ಈ ನಾಲ್ಕರಲ್ಲಿ ಯಾವ ಥರದ ಚುಕ್ಕೆ ಇದೆ?" ಇದೂ ಸ್ಥಿತಿಯ ಪ್ರಶ್ನೆಯೇ, ಎಲೆಚುಕ್ಕೆ ವಿಡಿಯೊ ಯಾವ ಹಂತದಿಂದ ಶುರುವಾಗಬೇಕು ಎಂದು ಹೇಳಿಬಿಡುತ್ತದೆ.

ಪೋಲ್‌ಗೆ ಕಾಣದ ಒಂದು ದೊಡ್ಡ ಗುಂಪು ನಿಮಗಿದೆ: ಹುಡುಕಿಕೊಂಡು ಬರುವವರು. "ಬೋರ್ಡೋ ದ್ರಾವಣ ಮಾಡುವ ವಿಧಾನ" ಎಂದು ಟೈಪ್ ಮಾಡಿ ಬಂದು, ನೋಡಿ ಹೋಗುವವರು ಪೋಸ್ಟ್ ನೋಡುವುದೂ ಇಲ್ಲ, ಮತ ಹಾಕುವುದೂ ಇಲ್ಲ. ಅವರ ಮಾತು ಕೇಳಲು Analytics ಒಳಗೆ ನೋಡುಗರು ಬಂದ ದಾರಿಗಳಲ್ಲಿ YouTube search ತೆರೆದು, ಯಾವ ಪದ ಟೈಪ್ ಮಾಡಿ ಬಂದರು ಎಂದು ನೋಡಿ. ನಿಮ್ಮ ಹಳೆಯ ವಿಡಿಯೊಗಳಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯೂ ಹುಡುಕಾಟದಿಂದಲೇ ಬರುತ್ತಿರುವ ವಿಷಯವಾದರೆ ಪೋಲ್‌ನಲ್ಲಿ ಅದಕ್ಕೆ 14% ಬಿದ್ದರೂ ಮಾಡಿ. ಅದು ವಾರಕ್ಕೆ ಓಡುವ ವಿಡಿಯೊ ಅಲ್ಲ, ಪ್ರತಿ ಮೇ ತಿಂಗಳಿಗೆ ಮತ್ತೆ ಏಳುವ ವಿಡಿಯೊ. ಪೋಲ್ ಹೇಳುವುದು ಈಗ ನಿಮ್ಮ ಜತೆ ಇರುವವರ ಮಾತನ್ನು, ಹುಡುಕಾಟ ಹೇಳುವುದು ಇನ್ನೂ ಬರಬೇಕಾದವರ ಮಾತನ್ನು. ಎರಡೂ ಒಂದೇ ವಿಷಯದತ್ತ ತೋರಿದರೆ ಆ ವಿಡಿಯೊಗೆ ಎರಡು ದಿನ ಹೆಚ್ಚು ಖರ್ಚು ಮಾಡಿದರೂ ನಷ್ಟವಿಲ್ಲ.

ಕೊನೆಗೆ, ನಿಮ್ಮ ಪೋಲ್‌ಗಳು ನಿಮ್ಮ ಚಾನೆಲ್‌ಗೆ ಎಷ್ಟು ನಿಜ ಹೇಳುತ್ತವೆ ಎಂದು ಅಳೆಯಬೇಕಲ್ಲ. ಕಳೆದ ಹತ್ತು ವಿಡಿಯೊಗಳ ಮೊದಲ ಏಳು ದಿನದ ವ್ಯೂಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆದು ಐದನೆಯದಕ್ಕೂ ಆರನೆಯದಕ್ಕೂ ನಡುವಿನ ಸಂಖ್ಯೆ ತೆಗೆಯಿರಿ. ಸರಾಸರಿ ಬೇಡ, ಒಂದು ವಿಡಿಯೊ ಓಡಿಬಿಟ್ಟಿದ್ದರೆ ಸರಾಸರಿ ಮೋಸ ಮಾಡುತ್ತದೆ. ಪೋಲ್ ನೋಡಿ ಮಾಡಿದ ಪ್ರತಿ ವಿಡಿಯೊದ ಎದುರು ಅದು ಈ ಸಂಖ್ಯೆಯ ಮೇಲಿತ್ತೋ ಕೆಳಗಿತ್ತೋ ಎಂದು ಗುರುತು ಹಾಕಿ, ಪಕ್ಕದಲ್ಲೇ ಜನ ಸರಾಸರಿ ಎಷ್ಟು ಹೊತ್ತು ನೋಡಿದರು ಎಂದೂ ಬರೆಯಿರಿ. ವ್ಯೂ ಕಡಿಮೆ, ನೋಡಿದ ಹೊತ್ತು ಹೆಚ್ಚು ಎಂದಾದರೆ ವಿಷಯ ಸರಿ ಇತ್ತು, ಶೀರ್ಷಿಕೆ ಅಥವಾ ಥಂಬ್‌ನೇಲ್ ಅದನ್ನು ಹೇಳಲಿಲ್ಲ. ಎರಡೂ ಕಡಿಮೆ ಎಂದಾದರೆ ಪೋಲ್‌ನ ಪ್ರಶ್ನೆಯನ್ನೇ ಮತ್ತೆ ಓದಿ. ಆ ಡ್ರೋನ್ ವಿಡಿಯೊದಿಂದಲೇ ಶುರುಮಾಡಿ: 600 ಜನ ಬಂದರು ಸರಿ, ಅವರು ಎಷ್ಟು ನಿಮಿಷ ಇದ್ದರು? ಮಾಮೂಲಿಗಿಂತ ಹೆಚ್ಚು ಹೊತ್ತು ಇದ್ದರೆ ಅದನ್ನು ಅಳಿಸುವ ಯೋಚನೆ ಬಿಡಿ, ಹೆಸರು ಬದಲಿಸಿ. ಜುಲೈ ಮಧ್ಯದಲ್ಲಿ, ಎರಡನೇ ಸಿಂಪಡಣೆಗೆ ಆಳು ಹುಡುಕುವ ಹೊತ್ತಿಗೆ, ಅದೇ ವಿಡಿಯೊವನ್ನು ಒಂದು ಪೋಸ್ಟ್‌ನಲ್ಲಿ ಮತ್ತೆ ಇಡಿ.